ಬೇರು ನೂಕುವ ನೀರು, ಎಲೆ ಎಳೆಯುವ ನೀರು

ನವೆಂಬರ್‌ನಿಂದ ಜನವರಿಯವರೆಗೆ ಬೆಂಗಳೂರಿನಲ್ಲಿ ಬೆಳಗ್ಗೆ ಎದ್ದು ನೋಡಿದರೆ ತಾರಸಿಯ ಟೊಮೆಟೊ ಸಸಿ, ಹಿತ್ತಲಿನ ಕೆಸು, ಉದ್ಯಾನದ ಹುಲ್ಲುಹಾಸು ಎಲ್ಲವೂ ಒದ್ದೆಯಾಗಿರುತ್ತವೆ. ಆ ನೀರೆಲ್ಲ ಇಬ್ಬನಿಯಲ್ಲ. ಇಬ್ಬನಿ ಗಾಳಿಯ ತೇವದಿಂದ ಬಂದದ್ದಾದ್ದರಿಂದ ಎಲೆಯ ಮೇಲೆಲ್ಲ ಹರಡಿರುತ್ತದೆ, ಪಕ್ಕದ ತಂತಿಯ ಮೇಲೂ ಕೂತಿರುತ್ತದೆ. ಬಿಂದುಸ್ರಾವದ ಹನಿಯಾದರೋ ಗಿಡದ ಒಳಗಿನಿಂದ ಬಂದದ್ದು. ಟೊಮೆಟೊದಲ್ಲಿ ಎಲೆಯಂಚಿನ ಪ್ರತಿ ಹಲ್ಲಿನ ತುದಿಯಲ್ಲಿ, ಹುಲ್ಲಿನಲ್ಲಿ ಎಲೆಯ ತುದಿಯಲ್ಲಿ, ಅಂದರೆ ನಾಳಗಳು ಕೊನೆಗೊಳ್ಳುವ ಜಲರಂಧ್ರಗಳ ಬಾಯಲ್ಲಿ ಮಾತ್ರ ಅದು ನಿಲ್ಲುತ್ತದೆ. ಒಣಗಿದಾಗ ಕೆಲವೊಮ್ಮೆ ಬಿಳಿಯ ಲವಣದ ಕಲೆ ಉಳಿಯುತ್ತದೆ; ಇಬ್ಬನಿ ಅಂಥ ಕಲೆಯನ್ನು ಬಿಡುವುದಿಲ್ಲ.

ಈ ಹನಿಯನ್ನು ಕಂಡವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಹಗಲು ಎಲೆಗಳು ನೀರನ್ನು ಎಳೆಯುತ್ತವೆ, ರಾತ್ರಿ ಬೇರುಗಳು ನೂಕುತ್ತವೆ, ಎಲ್ಲ ಗಿಡಮರಗಳಲ್ಲೂ ಹೀಗೆಯೇ. ಈ ಮಾತಿನ ಮೊದಲರ್ಧ ಸರಿ. ಉಳಿದರ್ಧ ಟೊಮೆಟೊಗೆ ಹೊಂದುತ್ತದೆ, ಕಬ್ಬನ್ ಪಾರ್ಕಿನ ಎತ್ತರದ ಸಿಲ್ವರ್ ಓಕ್ ಮರಕ್ಕೆ ಹೊಂದುವುದಿಲ್ಲ. ಈ ವ್ಯತ್ಯಾಸವನ್ನು ಅಳತೆಯ ಮೂಲಕವೇ ನೋಡುವುದು ಒಳ್ಳೆಯದು.

ಬೇರಿನ ಜೀವಕೋಶಗಳು ಮಣ್ಣಿನಿಂದ ಪೊಟ್ಯಾಸಿಯಂ, ನೈಟ್ರೇಟ್ ಮುಂತಾದ ಅಯಾನುಗಳನ್ನು ಶಕ್ತಿ ವ್ಯಯಿಸಿ ಒಳಗೆ ಸಾಗಿಸಿ, ನೀರು ಹರಿಯುವ ಕ್ಸೈಲಂ ನಾಳಗಳಿಗೆ ಸುರಿಯುತ್ತವೆ. ನಾಳಗಳ ಸುತ್ತ ಇರುವ ಎಂಡೋಡರ್ಮಿಸ್ ಎಂಬ ಪದರದ ಗೋಡೆಗಳಲ್ಲಿ ನೀರಿಗೆ ಎಡೆಗೊಡದ ಕ್ಯಾಸ್ಪೇರಿಯನ್ ಪಟ್ಟಿ ಇರುವುದರಿಂದ, ಒಳಗೆ ಸೇರಿದ ಅಯಾನುಗಳು ಸುಲಭವಾಗಿ ಹೊರಕ್ಕೆ ಸೋರುವುದಿಲ್ಲ. ನಾಳದೊಳಗಿನ ದ್ರಾವಣ ಮಣ್ಣಿನ ನೀರಿಗಿಂತ ಸಾಂದ್ರವಾದಾಗ, ಪರಾಸರಣದಿಂದ ಮಣ್ಣಿನ ನೀರು ಒಳನುಗ್ಗಿ ಅಲ್ಲಿ ಒತ್ತಡ ಏರುತ್ತದೆ. ಹಗಲಿನಲ್ಲಿಯೂ ಅಯಾನುಗಳ ಈ ಸಾಗಣೆ ನಿಂತಿರುವುದಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಬಾಷ್ಪವಿಸರ್ಜನೆಯ ವೇಗದ ಹರಿವು ಅಯಾನುಗಳನ್ನು ಕೂಡಲೇ ಮೇಲಕ್ಕೆ ಒಯ್ದು ದ್ರಾವಣವನ್ನು ತೆಳುವಾಗಿಸುವುದರಿಂದ ಹಗಲು ಒತ್ತಡ ಕಟ್ಟಿಕೊಳ್ಳುವುದಿಲ್ಲ, ಅಷ್ಟೆ. ಸಂಜೆಯಾಗಿ ಪತ್ರರಂಧ್ರಗಳು ಮುಚ್ಚಿ ಹರಿವು ನಿಧಾನವಾದ ಮೇಲೆ ಒತ್ತಡ ಕಾಣಿಸಿಕೊಳ್ಳುತ್ತದೆ.

ಇದನ್ನು ಮನೆಯಲ್ಲಿಯೇ ಅಳೆಯಬಹುದು. ಕುಂಡದಲ್ಲಿ ಚೆನ್ನಾಗಿ ಬೆಳೆದ ಟೊಮೆಟೊ ಗಿಡವನ್ನು ಬಿಸಿಲಿನ ಮಧ್ಯಾಹ್ನ ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಬುಡದ ತುಂಡಿಗೆ ರಬ್ಬರ್ ನಳಿಕೆ ತೊಡಿಸಿ ಅದರಲ್ಲಿ ಸ್ವಲ್ಪ ನೀರು ತುಂಬಿರಿ. ಗಿಡ ಆ ಹೊತ್ತಿನಲ್ಲಿ ರಭಸವಾಗಿ ನೀರು ಕಳೆದುಕೊಳ್ಳುತ್ತಿದ್ದರೆ, ನೀರು ಹೊರಬರುವ ಬದಲು ಮೊದಲು ಒಳಕ್ಕೆ ಇಳಿಯುತ್ತದೆ. ಎಲೆಗಳನ್ನು ತೆಗೆದ ಮೇಲೂ ಅವುಗಳ ಸೆಳೆತ ಉಂಟುಮಾಡಿದ ಕೊರತೆ ಬೇರಿನಲ್ಲಿ ಉಳಿದಿದೆ ಎಂಬುದಕ್ಕೆ ಇದು ನೇರ ಸಾಕ್ಷಿ. ಕುಂಡಕ್ಕೆ ನೀರು ಹಾಕಿ ಕೆಲವು ಗಂಟೆ ಬಿಟ್ಟರೆ ಹರಿವಿನ ದಿಕ್ಕು ಬದಲಾಗಿ ರಸ ಮೇಲೇರತೊಡಗುತ್ತದೆ. ಆಗ ನಳಿಕೆಯನ್ನು ಪೂರ್ತಿ ನೀರಿನಿಂದ ತುಂಬಿಸಿ, ಮೇಲ್ತುದಿ ಮುಚ್ಚಿದ, ಒಳಗೆ ಗಾಳಿ ಇರುವ ಸಣ್ಣ ಗಾಜಿನ ಕೊಳವೆಯನ್ನು ಅದಕ್ಕೆ ಬಿಗಿಯಾಗಿ ಜೋಡಿಸಬೇಕು.

ಗಾಳಿಯ ಕಂಬ ಆರಂಭದಲ್ಲಿ 20 ಸೆಂಟಿಮೀಟರ್ ಇದ್ದು, ಬೆಳಗಿನ ಹೊತ್ತಿಗೆ 12ಕ್ಕೆ ಕುಗ್ಗಿದೆ ಎಂದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಪಠ್ಯಪುಸ್ತಕದ 101ನ್ನು ಇಲ್ಲಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಮುಚ್ಚಿದ ಗಾಳಿ ಕುಗ್ಗಿದಂತೆ ಅದರ ಒತ್ತಡ ಅದೇ ಅನುಪಾತದಲ್ಲಿ ಏರುವುದರಿಂದ, 91ನ್ನು 20ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸುಮಾರು 152 ಬರುತ್ತದೆ. ಅದರಲ್ಲಿ ವಾಯುಭಾರವನ್ನು ಕಳೆದರೆ ಉಳಿಯುವ ಸುಮಾರು 60 ಕಿಲೋಪ್ಯಾಸ್ಕಲ್ ಬೇರಿನ ಕೊಡುಗೆ. ಎರಡೂ ಓದುಗಳ ಹೊತ್ತಿಗೆ ಕೊಳವೆಯ ಉಷ್ಣತೆ ಒಂದೇ ಇರಬೇಕು, ಇಲ್ಲದಿದ್ದರೆ ತಂಪಿಗೆ ಗಾಳಿ ಕುಗ್ಗುವುದೇ ಬೇರಿನ ಒತ್ತಡದ ವೇಷ ಹಾಕಿ ನಿಲ್ಲುತ್ತದೆ. ಸ್ಟೀಫನ್ ಹೇಲ್ಸ್ ದ್ರಾಕ್ಷಿ ಬಳ್ಳಿಯ ಮೇಲೆ ಇದೇ ಬಗೆಯ ಅಳತೆ ಮಾಡಿ 1727ರಲ್ಲಿ ಪ್ರಕಟಿಸಿದ್ದರು.

ನೀರಿನ ಕಂಬವನ್ನು ಒಂದು ಮೀಟರ್ ಎತ್ತಿ ಹಿಡಿಯಲು ಸುಮಾರು 10 ಕಿಲೋಪ್ಯಾಸ್ಕಲ್ ಬೇಕು. ಆದ್ದರಿಂದ 60 ಕಿಲೋಪ್ಯಾಸ್ಕಲ್ ಎಂದರೆ ಆರು ಮೀಟರ್; ಒಂದೂವರೆ ಮೀಟರಿನ ಟೊಮೆಟೊದ ತುದಿಯೆಲೆಯಲ್ಲಿ ಹನಿ ಮೂಡಿಸಲು ಬೇಕಾದುದಕ್ಕಿಂತ ಹೆಚ್ಚು. ಬಹಳಷ್ಟು ಗಿಡಗಳಲ್ಲಿ ಅಳೆದ ಬೇರಿನ ಒತ್ತಡ 200 ಕಿಲೋಪ್ಯಾಸ್ಕಲ್ ಮೀರುವುದಿಲ್ಲ, ಅನೇಕ ಮರಗಳಲ್ಲಿ ಅದು ಕಾಣಿಸುವುದೇ ಇಲ್ಲ. ಬಾಷ್ಪವಿಸರ್ಜನೆಯ ಸೆಳೆತವಾದರೋ ಮಧ್ಯಾಹ್ನದ ಹೊತ್ತಿಗೆ 1000ದಿಂದ 2000 ಕಿಲೋಪ್ಯಾಸ್ಕಲ್ ಮಟ್ಟದ ಎಳೆತವನ್ನು ಸಹಜವಾಗಿ ಉಂಟುಮಾಡುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲಿ ವಿವರಿಸಿದಂತೆ, ನೀರಿನ ಅಣುಗಳ ಪರಸ್ಪರ ಹಿಡಿತದಿಂದಾಗಿ ಕಂಬ ಕಡಿಯದೆ ಈ ಎಳೆತವನ್ನು ಬೇರಿನ ತನಕ ದಾಟಿಸುತ್ತದೆ.

ಈಗ 20 ಮೀಟರ್ ಎತ್ತರದ ಮರದ ರಾತ್ರಿಯನ್ನು ನೋಡೋಣ. ಮಣ್ಣು ಪೂರ್ತಿ ತೇವವಾಗಿದ್ದು, ಎಲೆಗಳು ನೀರು ಬಿಡುವುದನ್ನು ಸಂಪೂರ್ಣ ನಿಲ್ಲಿಸಿದ್ದರೂ, ಕಂಬದ ತೂಕವೊಂದರಿಂದಲೇ ತುದಿಯಲ್ಲಿ ಒತ್ತಡ ವಾಯುಭಾರಕ್ಕಿಂತ 200 ಕಿಲೋಪ್ಯಾಸ್ಕಲ್ ಕಡಿಮೆ ಇರುತ್ತದೆ. ಬೇರು 60 ಕಿಲೋಪ್ಯಾಸ್ಕಲ್ ನೂಕಿದರೂ 140ರ ಎಳೆತ ಉಳಿಯುತ್ತದೆ; ಅಂಥ ಎಲೆಯಂಚಿನಲ್ಲಿ ಹನಿ ಮೂಡಲಾರದು. ಹಾಗೆಂದು ಆ ಮರದಲ್ಲಿ ನೀರು ನಿಂತಿಲ್ಲ. ಹಗಲು ಕಾಂಡದ ಮತ್ತು ಎಲೆಗಳ ಜೀವಕೋಶಗಳು ಕಳೆದುಕೊಂಡ ನೀರು ರಾತ್ರಿ ಮರಳಿ ತುಂಬುತ್ತದೆ. ಸೂಕ್ಷ್ಮ ಅಳತೆಪಟ್ಟಿ ಕಟ್ಟಿದರೆ ಕಾಂಡ ಹಗಲು ತೆಳುವಾಗಿ ರಾತ್ರಿ ದಪ್ಪವಾಗುವುದು ಕಾಣುತ್ತದೆ. ಇದು ನೂಕುವಿಕೆಯಲ್ಲ, ಹಗಲಿನ ಸೆಳೆತದ ಬಾಕಿ ತೀರುತ್ತಿರುವುದು. ಇದರ ಜೊತೆಗೆ ಪತ್ರರಂಧ್ರಗಳು ರಾತ್ರಿ ಪೂರ್ತಿ ಮುಚ್ಚದ ಕಾರಣ ಅನೇಕ ಪ್ರಭೇದಗಳಲ್ಲಿ ಹಗಲಿನ ಪ್ರಮಾಣದ ನೂರಕ್ಕೆ 5ರಿಂದ 15ರಷ್ಟು ಬಾಷ್ಪವಿಸರ್ಜನೆ ಮುಂದುವರಿಯುತ್ತದೆ. ಹೀಗಾಗಿ ರಾತ್ರಿ ಕಾಂಡದಲ್ಲಿ ಹರಿವು ಕಂಡಿತು ಎಂದ ಮಾತ್ರಕ್ಕೆ ಬೇರಿನ ಒತ್ತಡವಿದೆ ಎನ್ನಲಾಗದು. ಹನಿಯ ಸಾಕ್ಷ್ಯದ ಬೆಲೆ ಇರುವುದು ಇಲ್ಲಿಯೇ: ಎಲೆಯಂಚಿನ ಹನಿ ನಾಳದ ಒತ್ತಡ ಆ ಜಾಗದಲ್ಲಿ, ಆ ಹೊತ್ತಿನಲ್ಲಿ ವಾಯುಭಾರವನ್ನು ಮೀರಿದೆ ಎಂದು ತೋರಿಸುತ್ತದೆ.

ನಾನು ಸಲಹೆ ನೀಡಿದ ತಾರಸಿ ತೋಟವೊಂದರಲ್ಲಿ ಈ ಸಾಕ್ಷ್ಯ ನೇರವಾಗಿ ಉಪಯೋಗಕ್ಕೆ ಬಂತು. ಒಂದೇ ದಿನ ನೆಟ್ಟ ಟೊಮೆಟೊ ಕುಂಡಗಳ ಎರಡು ಸಾಲುಗಳಲ್ಲಿ ಒಂದರಲ್ಲಿ ಬೆಳಗ್ಗೆ ಹನಿ ಇರುತ್ತಿತ್ತು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹನಿಯಿಲ್ಲದ ಗಿಡಗಳು ಮಧ್ಯಾಹ್ನ ಬಾಡುತ್ತಿದ್ದವು. ಮನೆಯವರು ಬಾಯಾರಿಕೆಯೆಂದು ತಿಳಿದು ಅವಕ್ಕೆ ಇನ್ನಷ್ಟು ನೀರು ಹಾಕುತ್ತಿದ್ದರು. ಹನಿ ಇಲ್ಲದಿರುವುದೊಂದೇ ಸಾಕಷ್ಟು ಪುರಾವೆಯಲ್ಲ, ಏಕೆಂದರೆ ಒಣಗಾಳಿ ಬೀಸಿದರೂ ಹನಿ ಆರಿಹೋಗುತ್ತದೆ. ಆದ್ದರಿಂದ ಎರಡೂ ಸಾಲಿನ ಕೆಲವು ಗಿಡಗಳಿಗೆ ರಾತ್ರಿ ಪಾಲಿಥೀನ್ ಚೀಲ ಮುಚ್ಚಿಸಿದೆ. ಬೆಳಗ್ಗೆ ಚೀಲದೊಳಗೂ ಎರಡನೆಯ ಸಾಲಿನ ಎಲೆಯಂಚುಗಳು ಬರಿದಾಗಿದ್ದವು. ಕುಂಡ ಎತ್ತಿ ನೋಡಿದರೆ ಭಾರವಾಗಿತ್ತು, ತಳದ ತೂತುಗಳು ಮುಚ್ಚಿಹೋಗಿದ್ದವು, ಬೇರು ಕಂದು ತಿರುಗಿ ವಾಸನೆ ಬರುತ್ತಿತ್ತು. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಸಿಗದೆ ಬೇರಿನ ಉಸಿರಾಟ ಕುಂದಿದರೆ ಅಯಾನುಗಳ ಸಾಗಣೆಗೆ ಶಕ್ತಿ ಇರುವುದಿಲ್ಲ. ಸುತ್ತ ನೀರಿದ್ದರೂ ಒತ್ತಡ ಹುಟ್ಟುವುದಿಲ್ಲ. ಗೊಬ್ಬರ ಹೆಚ್ಚಾಗಿ ಮಣ್ಣಿನ ದ್ರಾವಣ ಸಾಂದ್ರವಾದಾಗಲೂ ಹನಿ ನಿಲ್ಲುತ್ತದೆ. ಆಗ ಮಣ್ಣಿನ ಮೇಲೆ ಬಿಳಿಯ ಪೊರೆ ಕಾಣುವುದು ಸಾಮಾನ್ಯ, ಧಾರಾಳವಾಗಿ ನೀರು ಹರಿಸಿ ತೊಳೆದರೆ ಗಿಡ ಚೇತರಿಸಿಕೊಳ್ಳುತ್ತದೆ. ಇಲ್ಲಿ ಅಂಥ ಪೊರೆ ಇರಲಿಲ್ಲ. ತೂತು ಬಿಡಿಸಿ, ಕುಂಡಗಳನ್ನು ಇಟ್ಟಿಗೆಯ ಮೇಲೆ ಏರಿಸಿ, ಮೇಲ್ಮಣ್ಣು ಒಣಗುವವರೆಗೆ ನೀರು ನಿಲ್ಲಿಸಲು ಹೇಳಿದೆ. ಹೊಸ ಬಿಳಿಬೇರು ಹೊರಟ ಗಿಡಗಳಲ್ಲಿ ಹನಿ ಮರಳಿತು. ಬೇರು ಪೂರ್ತಿ ಕೊಳೆತಿದ್ದವುಗಳಲ್ಲಿ ಮರಳಲಿಲ್ಲ, ಅವನ್ನು ಕಿತ್ತು ಹೊಸ ಸಸಿ ನೆಡಬೇಕಾಯಿತು.