ಮಂಡಿ ‘ಹಿಡ್ಕೊಳ್ಳೋದು’ ಅಂದರೇನು? ಚಳಿ, ಮಳೆಗೆ ಕೀಲು ಬಿಗಿಯುವ ಬಗೆ

“ಮೋಡ ಕವಿದರೆ ಸಾಕು, ನನ್ನ ಮಂಡಿ ಹಿಡ್ಕೊಳ್ಳುತ್ತೆ.” ಮಳೆ ಶುರುವಾದ ವಾರದಲ್ಲಿ ನಮ್ಮಮ್ಮ ಈ ಮಾತು ಹೇಳಿಯೇ ಹೇಳುತ್ತಾರೆ. ಅಮ್ಮ ‘ನೋಯುತ್ತೆ’ ಅನ್ನುವುದಿಲ್ಲ, ‘ಹಿಡ್ಕೊಳ್ಳುತ್ತೆ’ ಅನ್ನುತ್ತಾರೆ. ಎರಡೂ ಒಂದೇ ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಒಂದೇ ಅಲ್ಲ. ಅಮ್ಮನ ಮಾತೇ ಹೆಚ್ಚು ಸರಿ.

ಹಿಡ್ಕೊಳ್ಳೋದು ಅಂದರೆ ಹೀಗೆ: ಸ್ವಲ್ಪ ಹೊತ್ತು ಕೂತಿರುತ್ತೀರಿ, ಅಥವಾ ರಾತ್ರಿಯೆಲ್ಲ ಮಲಗಿರುತ್ತೀರಿ. ಏಳಲು ಹೋದಾಗ ಕೀಲು ಮಡಚುವುದಿಲ್ಲ, ಚಾಚುವುದಿಲ್ಲ, ಅಂಟಿಕೊಂಡ ಹಾಗೆ ಇರುತ್ತದೆ. ಮೊದಲ ಐದಾರು ಹೆಜ್ಜೆ ಬಹಳ ಕಷ್ಟ. ನಾಲ್ಕು ಸಲ ಓಡಾಡಿದ ಮೇಲೆ ಸಡಿಲವಾಗುತ್ತದೆ. ವೈದ್ಯರು ಇದನ್ನು ಸ್ಟಿಫ್‌ನೆಸ್ ಅನ್ನುತ್ತಾರೆ. ಕೂತಿದ್ದು ಏಳುವಾಗ ಆಗುವ ಬಿಗಿತಕ್ಕೆ ಅವರಲ್ಲಿ ಇನ್ನೊಂದು ಹೆಸರೂ ಇದೆ, ಜೆಲ್ಲಿಂಗ್. ಜೆಲ್ ಥರ ಗಟ್ಟಿಯಾಗುವುದು ಅಂತ ಅರ್ಥ. ಸವೆದ ಮಂಡಿ ಇರುವವರಲ್ಲಿ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಇರುವವರಲ್ಲಿ ಇದು ತೀರಾ ಸಾಮಾನ್ಯ. ಈ ಬರಹ ಆ ಮಂಡಿಯ ಬಗ್ಗೆಯೇ.

ಮೊದಲು ಕೀಲಿನ ಒಳಗೆ ಏನಿದೆ ನೋಡೋಣ. ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಸುತ್ತ ಒಂದು ಚೀಲ. ಆ ಚೀಲದ ಒಳಪದರ ಒಂದು ಲೋಳೆಯಂಥ ದ್ರವ ಸ್ರವಿಸುತ್ತದೆ. ಅದೇ ಸೈನೋವಿಯಲ್ ದ್ರವ, ಕೀಲಿನ ಎಣ್ಣೆ. ಅಷ್ಟು ದೊಡ್ಡ ಮಂಡಿಯಲ್ಲೂ ಇದು ಇರುವುದು ಕೆಲವೇ ಮಿಲಿಲೀಟರ್, ಒಂದು ಟೀ ಚಮಚಕ್ಕಿಂತ ಕಡಿಮೆ. ಅದಕ್ಕೆ ಲೋಳೆತನ ಬರುವುದು ಹಯಾಲುರಾನಿಕ್ ಆಮ್ಲದಿಂದ.

ಈ ದ್ರವಕ್ಕೆ ಎರಡು ಗುಣಗಳಿವೆ. ತಣ್ಣಗಾದರೆ ಮಂದವಾಗುತ್ತದೆ, ಚಳಿಯಲ್ಲಿ ಎಣ್ಣೆ ಮಂದವಾಗುವ ಹಾಗೆ. ಮಂಡಿಯ ಮೇಲೆ ಹೊಟ್ಟೆ, ತೊಡೆಯ ಥರ ದಪ್ಪ ಮಾಂಸ ಇಲ್ಲ. ಹಾಗಾಗಿ ಅದರ ಒಳಗಿನ ಬಿಸಿ ದೇಹದ 37 ಡಿಗ್ರಿಗಿಂತ ಕೆಲವು ಡಿಗ್ರಿ ಕಡಿಮೆಯೇ ಇರುತ್ತದೆ. ಹೊರಗೆ ಚಳಿ ಹೆಚ್ಚಾದರೆ ಇನ್ನೂ ಇಳಿಯುತ್ತದೆ. ಎರಡನೆಯ ಗುಣ ಇನ್ನೂ ಮುಖ್ಯ: ಅಲುಗಾಡಿಸಿದರೆ ಈ ದ್ರವ ತೆಳುವಾಗುತ್ತದೆ, ಸುಮ್ನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಮೊದಲ ಐದಾರು ಹೆಜ್ಜೆ ಕಷ್ಟವಾಗಿ ಆಮೇಲೆ ಸಲೀಸಾಗಲು ಇದೊಂದು ಕಾರಣ. ಚಳಿಗೆ ಸುತ್ತಲಿನ ಸ್ನಾಯುಗಳೂ ಬಿಗಿಯುತ್ತವೆ. ಅದೂ ಸೇರಿದರೆ ಹಿಡಿತ ಜಾಸ್ತಿ.

ನೋವು ಎಲ್ಲಿಂದ ಬರುತ್ತದೆ ಅನ್ನುವುದು ಬೇರೆ ಮಾತು. ಸವೆಯುವ ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ನೋವು ಹೇಳುವುದು ಅದರ ಕೆಳಗಿನ ಮೂಳೆ, ಚೀಲ, ಅದರ ಒಳಪದರ ಮತ್ತು ಸುತ್ತಲಿನ ಸ್ನಾಯು. ಹಾಗಾಗಿಯೇ ಎಕ್ಸ್‌ರೇಯಲ್ಲಿ ಸವೆತ ಅಷ್ಟೇ ಇದ್ದರೂ ಒಂದು ದಿನ ನೋವು ಕಡಿಮೆ, ಇನ್ನೊಂದು ದಿನ ಜಾಸ್ತಿ ಆಗಬಹುದು.

ಇನ್ನು ಮಳೆಯ ವಿಷಯ. ಎಲ್ಲರೂ ಹೇಳುವ ಕಾರಣ ಗಾಳಿಯ ಒತ್ತಡ. ಮಳೆ ಬರುವ ಮುಂಚೆ ಅದು ಇಳಿಯುತ್ತದೆ, ಹೊರಗಿನಿಂದ ಒತ್ತುವುದು ಕಡಿಮೆಯಾಗಿ ಕೀಲಿನ ಸುತ್ತಲಿನ ಭಾಗ ಸ್ವಲ್ಪ ಹಿಗ್ಗುತ್ತದೆ, ಮೊದಲೇ ಊದಿದ ಕೀಲಿಗೆ ಅಷ್ಟೂ ತಡೆಯುವುದಿಲ್ಲ ಅನ್ನುವುದು ಆ ವಾದ. ಇದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಆದರೆ ಒಂದು ಲೆಕ್ಕ ನೋಡಿ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಹೆಕ್ಟೋಪ್ಯಾಸ್ಕಲ್. ಮೋಡ ಕವಿದು ಮಳೆ ಹಿಡಿದಾಗ ಅದು ಸಾಮಾನ್ಯವಾಗಿ ಐದರಿಂದ ಹತ್ತು ಹೆಕ್ಟೋಪ್ಯಾಸ್ಕಲ್ ಇಳಿಯಬಹುದು. ಎತ್ತರಕ್ಕೆ ಏರಿದರೂ ಒತ್ತಡ ಇಳಿಯುತ್ತದೆ, ಸುಮಾರು ಎಂಟು ಮೀಟರಿಗೆ ಒಂದರಂತೆ. ಅಂದರೆ ಹದಿನೈದು ಮಹಡಿಯ ಕಟ್ಟಡದ ತುದಿಗೆ ಲಿಫ್ಟಿನಲ್ಲಿ ಹೋದರೆ ಐದಾರು ಹೆಕ್ಟೋಪ್ಯಾಸ್ಕಲ್ ಇಳಿದೇ ಬಿಡುತ್ತದೆ. ಲಿಫ್ಟ್ ಹತ್ತಿದ್ದಕ್ಕೆ ಮಂಡಿ ಹಿಡ್ಕೊಂಡಿತು ಅಂತ ನಾನು ಯಾರಿಂದಲೂ ಕೇಳಿಲ್ಲ. ಲಿಫ್ಟಿನ ಬದಲಾವಣೆ ಸ್ವಲ್ಪ ಹೊತ್ತಿನದು, ಮೋಡದ್ದು ದಿನಗಟ್ಟಲೆ ಇರುತ್ತದೆ ಅನ್ನಬಹುದು. ಒಪ್ಪುತ್ತೇನೆ. ಆದರೂ ಒತ್ತಡವೊಂದೇ ಇಷ್ಟೆಲ್ಲ ಮಾಡುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಸಂಶೋಧನೆಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಬ್ರಿಟನ್ನಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ತಮ್ಮ ನೋವನ್ನು ದಿನವೂ ಫೋನಿನಲ್ಲಿ ದಾಖಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ತೇವ ಜಾಸ್ತಿ, ಒತ್ತಡ ಕಡಿಮೆ, ಬೀಸುವ ಗಾಳಿ ಜೋರು ಇದ್ದ ದಿನ ನೋವಿನ ಸಾಧ್ಯತೆ ಸ್ವಲ್ಪ ಏರುವುದು ಅದರಲ್ಲಿ ಕಂಡಿತು. ಆದರೆ 2017ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಹಿರಿಯರ ವೈದ್ಯರ ಭೇಟಿಗಳನ್ನು ಮಳೆ ದಾಖಲೆಯ ಜೊತೆ ಇಟ್ಟು ನೋಡಿದರು. ಮಳೆ ದಿನಕ್ಕೂ ಕೀಲು, ಬೆನ್ನು ನೋವಿನ ದೂರಿಗೂ ನಂಟು ಸಿಗಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಹವೆಯ ಪಾಲು ಇರಬಹುದು, ಆದರೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಉಳಿದ ಪಾಲು ಯಾವುದರದು? ಇದಕ್ಕೆ ಅಮ್ಮನ ನೋಟ್‌ಬುಕ್ ತೆರೆಯುತ್ತೇನೆ.

ಅಮ್ಮನಿಗೆ ಅರವತ್ತನಾಲ್ಕು. ಎರಡೂ ಮಂಡಿ ಸವೆದಿದೆ, ಬಲಗಡೆ ಜಾಸ್ತಿ. ಒಂದು ಮಳೆಗಾಲ ಆರು ವಾರ ದಿನವೂ ರಾತ್ರಿ ಮಲಗುವ ಮುಂಚೆ ಎರಡು ವಿಷಯ ಬರೆದರು: ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ, ಆ ದಿನ ಹತ್ತು ನಿಮಿಷವಾದರೂ ನಡೆದರೋ ಇಲ್ಲವೋ. ಮಳೆ ಬಂತೋ ಇಲ್ಲವೋ ಅನ್ನುವುದನ್ನು ನಾನು ಬೇರೆ ಹಾಳೆಯಲ್ಲಿ ಬರೆದಿಟ್ಟೆ. ಅಂಕ ಹಾಕುವಾಗ ಮಳೆಯ ಯೋಚನೆ ಬರದಿರಲಿ ಅಂತ ಹಾಗೆ ಮಾಡಿದೆ. ಮಳೆ ದಿನದ ನೋವು ನೆನಪಿರುತ್ತದೆ, ಮಳೆ ಇದ್ದೂ ನೋಯದ ದಿನ ಮರೆತುಹೋಗುತ್ತದೆ. ಬರೆದಿಟ್ಟರೆ ಮಾತ್ರ ಆ ದಿನವೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಕೊನೆಗೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟೆವು. ಅಂಕ ಐದು ದಾಟಿದ ದಿನಗಳಲ್ಲಿ ಹೆಚ್ಚಿನವು ಮಳೆ ದಿನಗಳೇ. ಅಮ್ಮ ಹೇಳಿದ್ದು ನಿಜವಾಯಿತು. ಆದರೆ ಆ ಮಳೆ ದಿನಗಳನ್ನೇ ಎರಡು ಗುಂಪು ಮಾಡಿದಾಗ ಬೇರೆಯದೇ ಕಂಡಿತು. ಮಳೆ ಬಂದೂ ಮನೆಯೊಳಗೆ ನಡೆದ ದಿನಗಳಲ್ಲಿ ಅಂಕ ಹೆಚ್ಚಾಗಿ ಮೂರು, ನಾಲ್ಕು. ಮಳೆ ಅಂತ ಕುರ್ಚಿ ಬಿಡದೆ ಕೂತ ದಿನಗಳಲ್ಲಿ ಆರು, ಏಳು. ಮಳೆಯೇ ಇಲ್ಲದ ಒಂದು ದಿನವೂ ಏಳು ಇತ್ತು. ಅವತ್ತು ಅಮ್ಮ ಐದು ಗಂಟೆ ಬಸ್ಸಿನಲ್ಲಿ ಕೂತಿದ್ದರು.

ಇಲ್ಲೊಂದು ತಕರಾರು ಏಳುತ್ತದೆ. ನೋವಿದ್ದದ್ದಕ್ಕೇ ನಡೆಯದೆ ಕೂತಿರಬಹುದಲ್ಲ? ಅದೂ ಇದ್ದೀತು. ಅದಕ್ಕೇ ಮುಂದಿನ ವಾರಗಳಲ್ಲಿ ಮಳೆ ದಿನವೂ ನಡೆಯಲೇಬೇಕು ಅಂತ ಗೊತ್ತು ಮಾಡಿಕೊಂಡೆವು. ನೋವು ಪೂರ್ತಿ ಹೋಗಲಿಲ್ಲ. ಆದರೆ ಆರು, ಏಳು ಅನ್ನುವ ಅಂಕ ಅಪರೂಪವಾಯಿತು. ಒಬ್ಬರ ನೋಟ್‌ಬುಕ್ ಎಲ್ಲರಿಗೂ ಸಾಕ್ಷಿಯಾಗದು, ಅಮ್ಮನ ಮಂಡಿಗೆ ಮಾತ್ರ ಅದು ಸಾಕಾಯಿತು.

ಈಗ ಅಮ್ಮ ಮಾಡುವುದು ಇಷ್ಟು. ಎಚ್ಚರವಾದ ಕೂಡಲೇ ಏಳುವುದಿಲ್ಲ. ಹೊದಿಕೆಯ ಒಳಗೇ, ಮಲಗಿದ ಹಾಗೇ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚಿ ಚಾಚುತ್ತಾರೆ, ಒಂದೊಂದು ಕಾಲಿಗೆ ಹತ್ತು ಸಲ. ಆಮೇಲೆ ಕಾಲು ನೇರ ಇಟ್ಟು, ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯ ಮುಂಭಾಗವನ್ನು ಬಿಗಿ ಮಾಡಿ ಐದು ಸೆಕೆಂಡ್ ಹಿಡಿಯುತ್ತಾರೆ, ಅದೂ ಹತ್ತು ಸಲ. ಮೊದಲನೆಯದು ಕೀಲಿನ ಎಣ್ಣೆಯನ್ನು ಕದಡುತ್ತದೆ. ಎರಡನೆಯದು ಮಂಡಿಯನ್ನು ಹೊರುವ ಸ್ನಾಯುವನ್ನು ಎಬ್ಬಿಸುತ್ತದೆ. ಐದು ನಿಮಿಷದ ಕೆಲಸ. ಹಗಲು ಮುಕ್ಕಾಲು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರುವುದಿಲ್ಲ. ಎದ್ದು ಎರಡು ನಿಮಿಷ ಓಡಾಡುತ್ತಾರೆ. ಮಳೆ ಇದ್ದರೆ ಮನೆಯೊಳಗೇ, ಈ ಗೋಡೆಯಿಂದ ಆ ಗೋಡೆಗೆ.

ವ್ಯಾಯಾಮ ಜಾಸ್ತಿಯಾಯಿತೋ ಅಂತ ತಿಳಿಯಲು ಒಂದು ಅಳತೆ ಇದೆ. ಮಾಡುವಾಗ ಸ್ವಲ್ಪ ನೋವು ಬಂದರೆ ಪರವಾಗಿಲ್ಲ. ಮುಗಿಸಿ ಎರಡು ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ, ಅಥವಾ ಮರುದಿನ ಮಂಡಿ ಊದಿದ್ದರೆ, ಆ ದಿನದ್ದು ಜಾಸ್ತಿಯಾಯಿತು. ಮುಂದಿನ ಸಲ ಅರ್ಧ ಮಾಡಿ. ಪೂರ್ತಿ ಬಿಡಬೇಡಿ.

ಶಾಖ ಕೊಡುವುದು ಒಳ್ಳೆಯದೇ. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಹದಿನೈದು, ಇಪ್ಪತ್ತು ನಿಮಿಷ ಇಟ್ಟರೆ ಸ್ನಾಯು ಸಡಿಲವಾಗುತ್ತದೆ. ಶಾಖ ಕೊಟ್ಟು ಮತ್ತೆ ಮಲಗಿಬಿಟ್ಟರೆ ಅರ್ಧ ಲಾಭ ಹೋಯಿತು, ಅದಾದ ಕೂಡಲೇ ಕಾಲು ಆಡಿಸಬೇಕು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಬೇಡ, ಚರ್ಮ ಸುಡಬಹುದು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಬಿಸಿಯನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಲಿ, ಕಾಲಿಗೆ ಸುಟ್ಟಿದ್ದು ಅವರಿಗೆ ಗೊತ್ತೇ ಆಗದಿರಬಹುದು. ಮಂಡಿ ಬಿಸಿಯಾಗಿ ಊದಿದ್ದರೆ ಶಾಖ ಬೇಡ. ಆಗ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು, ಹದಿನೈದು ನಿಮಿಷ ಇಡಬಹುದು.

ಮಂಡಿ ಮುಚ್ಚುವ ಬಟ್ಟೆ, ಉಣ್ಣೆಯ ತೋಳಿನಂಥ ನೀ ಕ್ಯಾಪ್ ಬೆಚ್ಚಗಿಡುತ್ತವೆ. ಪಾದ ಜೋಮು ಹಿಡಿಯುವಷ್ಟು ಬಿಗಿಯಾಗಿರಬಾರದು. ಮಲಗುವಾಗ ತೆಗೆದಿಡಿ. ಔಷಧದಲ್ಲಿ, ಡೈಕ್ಲೋಫೆನಾಕ್ ಇರುವ ಜೆಲ್ ಅನ್ನು ಮಂಡಿಗೆ ಹಚ್ಚುವುದು ಮಾತ್ರೆ ನುಂಗುವುದಕ್ಕಿಂತ ಹೊಟ್ಟೆಗೆ, ಕಿಡ್ನಿಗೆ ಹಗುರ. ಅದೇ ಗುಂಪಿನ ಮಾತ್ರೆಯನ್ನು ಮಳೆಗಾಲ ಪೂರ್ತಿ ದಿನವೂ ನುಂಗುವವರಿದ್ದಾರೆ. ರಕ್ತದೊತ್ತಡ, ಕಿಡ್ನಿ, ಹೊಟ್ಟೆಹುಣ್ಣಿನ ತೊಂದರೆ ಇದ್ದವರಿಗೆ ಅದು ನಿಜಕ್ಕೂ ಅಪಾಯ. ವೈದ್ಯರನ್ನು ಕೇಳದೆ ಬೇಡ.

ಹಿಡಿತ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಗಡಿಯಾರ ನೋಡಿ ಬರೆದಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಸವೆದ ಮಂಡಿಯ ಬೆಳಗಿನ ಹಿಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆ ದಾಟುತ್ತಿದ್ದರೆ, ಜೊತೆಗೆ ಎರಡೂ ಕೈಯ ಬೆರಳ ಗಿಣ್ಣುಗಳು ಊದುತ್ತಿದ್ದರೆ, ಅದು ರೂಮಟಾಯ್ಡ್ ಥರದ ಬೇರೆ ಕಾಯಿಲೆ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ, ಬೇರೆ ಔಷಧ ಬೇಕು. ಚಳಿಗಾಲ ಕಳೆಯಲಿ ಅಂತ ಕಾಯುವುದರಲ್ಲಿ ಕೀಲು ಹಾಳಾಗುತ್ತದೆ. ಒಂದೇ ಕೀಲು ದಿಢೀರನೆ ಕೆಂಪಾಗಿ, ಬಿಸಿಯಾಗಿ ಊದಿ, ಜ್ವರವೂ ಬಂದರೆ ಮಳೆಯ ಮಾತೇ ಬೇಡ. ಒಳಗೆ ಸೋಂಕು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.