ಟ್ರಿಗರ್ ಚೈನ್: ಹಿಂದಿನ ಕೆಲಸ ಮುಗಿದಾಗಲೇ ಮುಂದಿನ ರಿಮೈಂಡರ್

ಫೋನಿನ ಆಟೊಮೇಷನ್ ಆ್ಯಪ್‌ಗಳೆಲ್ಲ ನಡೆಯುವುದು ಒಂದೇ ಸೂತ್ರದ ಮೇಲೆ: ಹೀಗಾದರೆ ಹಾಗೆ ಮಾಡು. 'ಹೀಗಾದರೆ' ಅನ್ನುವುದು ಟ್ರಿಗರ್, 'ಹಾಗೆ ಮಾಡು' ಅನ್ನುವುದು ಆ್ಯಕ್ಷನ್. ಎರಡೂ ಸೇರಿ ಒಂದು ರೂಲ್. ಮ್ಯಾಕ್ರೊಡ್ರಾಯ್ಡ್‌ನಲ್ಲಿ ಇದನ್ನು ಮ್ಯಾಕ್ರೊ ಅಂತಾರೆ, ಐಫೋನಿನ ಶಾರ್ಟ್‌ಕಟ್ಸ್‌ನಲ್ಲಿ ಆಟೊಮೇಷನ್. ಟಾಸ್ಕರ್‌ನಲ್ಲಿ 'ಹೀಗಾದರೆ' ಪ್ರೊಫೈಲ್‌ನಲ್ಲಿ ಇರುತ್ತದೆ, 'ಹಾಗೆ ಮಾಡು' ಟಾಸ್ಕ್‌ನಲ್ಲಿ. ಹೆಸರು ಏನೇ ಇರಲಿ, ಒಂದು ರೂಲ್ ಮಾಡಿದ ಕೆಲಸವೇ ಇನ್ನೊಂದು ರೂಲಿಗೆ ಟ್ರಿಗರ್ ಆಗುವಂತೆ ಜೋಡಿಸಿದರೆ ಅದು ಟ್ರಿಗರ್ ಚೈನ್.

ಬೆಳಗಿನ ಕೆಲಸಗಳಿಗೆ ರಿಮೈಂಡರ್ ಇಡುವವರು ಸಾಮಾನ್ಯವಾಗಿ ಚೈನ್ ಮಾಡುವುದಿಲ್ಲ. 6 ಗಂಟೆಗೆ ಒಂದು, 6:10ಕ್ಕೆ ಒಂದು, 6:40ಕ್ಕೆ ಇನ್ನೊಂದು ಅಂತ ಗಡಿಯಾರ ನೋಡಿ ಇಟ್ಟುಬಿಡುತ್ತಾರೆ. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದ ದಿನ ಇದು ಸಾಕು. ಆದರೆ ಅಲಾರಂ ಸ್ನೂಜ್ ಮಾಡಿ 20 ನಿಮಿಷ ಜಾಸ್ತಿ ಮಲಗಿದ ದಿನ ಉಳಿದ ರಿಮೈಂಡರ್‌ಗಳೆಲ್ಲ ಸುಮ್ನೆ ಬಡಿದುಕೊಳ್ಳುತ್ತವೆ. ನಾವಿನ್ನೂ ಮೊದಲ ಕೆಲಸದಲ್ಲಿ ಇರುತ್ತೇವೆ, ಫೋನು ಮೂರನೆಯದರಲ್ಲಿ ಇರುತ್ತದೆ.

ಇದು ನಿಜಕ್ಕೂ ತೊಂದರೆ ಕೊಡುವ ಒಂದು ಸಂದರ್ಭ ನೋಡೋಣ. ಥೈರಾಯ್ಡ್ ಕಡಿಮೆ ಇರುವವರು ಬೆಳಿಗ್ಗೆ ಲೆವೊಥೈರಾಕ್ಸಿನ್ ಮಾತ್ರೆ ತಗೊಳ್ಳುತ್ತಾರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು, ತಿಂಡಿಗೆ 30ರಿಂದ 60 ನಿಮಿಷ ಕಾಯಬೇಕು ಅನ್ನುವುದು ಸಾಮಾನ್ಯ ಸಲಹೆ. ಬೇಗ ತಿಂದರೆ, ಕಾಫಿ ಕುಡಿದರೂ ಸರಿ, ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗಡಿಯಾರದ 6:40 ಅಲ್ಲ, ಮಾತ್ರೆ ನುಂಗಿದ ಹೊತ್ತಿನಿಂದ ಅರ್ಧ ಗಂಟೆ. 6:25ಕ್ಕೆ ಮಾತ್ರೆ ತಗೊಂಡವರಿಗೆ 6:40ಕ್ಕೆ 'ತಿಂಡಿ ತಿನ್ನಬಹುದು' ಅಂತ ಬಂದರೆ ಆ ರಿಮೈಂಡರ್ ತಪ್ಪು ಹೇಳಿದ ಹಾಗೆ. (ನಿಮಗೆ ಎಷ್ಟು ಹೊತ್ತು ಅಂತರ ಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಇಲ್ಲಿ 30 ನಿಮಿಷ ಅಂತ ಇಟ್ಟುಕೊಳ್ಳುತ್ತೇನೆ.)

ಈ ಕೆಲಸಕ್ಕೆ ಮೂರು ರೂಲ್ ಸಾಕು. ಜೊತೆಗೆ ಎರಡು ವೇರಿಯಬಲ್ ಬೇಕು. ಈಗ ಎಷ್ಟನೇ ಹೆಜ್ಜೆಯಲ್ಲಿ ಇದ್ದೇವೆ ಅನ್ನುವುದನ್ನು ಆ್ಯಪ್ ಬರೆದಿಟ್ಟುಕೊಳ್ಳುವ ಜಾಗ ಒಂದು. ಅದಕ್ಕೆ `hejje` ಅಂತ ಹೆಸರಿಡೋಣ. ಮಾತ್ರೆ ತಗೊಂಡ ಸಮಯವನ್ನು ಬರೆದಿಟ್ಟುಕೊಳ್ಳುವ ಇನ್ನೊಂದಕ್ಕೆ `hottu`.

```
ರೂಲ್ 1: ಅಲಾರಂ ನಿಂತಿತು, hejje = 0 ಇದೆ
  → hejje = 1, "ಮಾತ್ರೆ" ನೋಟಿಫಿಕೇಶನ್

ರೂಲ್ 2: "ತಗೊಂಡೆ" ಬಟನ್ ಒತ್ತಿದರು, hejje = 1 ಇದೆ
  → hejje = 2, hottu = ಈಗಿನ ಸಮಯ

ರೂಲ್ 3: hejje = 2 ಇದೆ, hottu ಆಗಿ 30 ನಿಮಿಷ
  → hejje = 3, "ತಿಂಡಿ ತಿನ್ನಬಹುದು"
```

ಪ್ರತಿ ರೂಲಿನಲ್ಲೂ `hejje` ಇಷ್ಟಿದ್ದರೆ ಮಾತ್ರ ಅನ್ನುವ ಒಂದು ಷರತ್ತು ಇದೆ ಅಲ್ವಾ? ಮ್ಯಾಕ್ರೊಡ್ರಾಯ್ಡ್‌ನಲ್ಲಿ ಇದನ್ನು ಕನ್‌ಸ್ಟ್ರೇಂಟ್ ಅಂತಾರೆ. ಚೈನ್ ಮಾಡುವಾಗ ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಷರತ್ತು ಇಲ್ಲದೆಯೂ ಮೊದಲ ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಂದಾದ ಮೇಲೊಂದು ಮೂರು ಅಲಾರಂ ಇಟ್ಟುಕೊಳ್ಳುವವರನ್ನು ನೆನೆಸಿಕೊಳ್ಳಿ. ಒಂದೊಂದು ಅಲಾರಂ ನಿಲ್ಲಿಸಿದಾಗಲೂ ಚೈನ್ ಮೊದಲಿನಿಂದ ಶುರುವಾಗುತ್ತದೆ. ಮಾತ್ರೆ ತಗೊಂಡು ಹತ್ತು ನಿಮಿಷಕ್ಕೆ ಮತ್ತೆ 'ಮಾತ್ರೆ' ಅಂತ ಬಂದರೆ, ಅರೆನಿದ್ದೆಯಲ್ಲಿ ಇರುವವರು ಇನ್ನೊಂದು ಮಾತ್ರೆ ನುಂಗಿಬಿಡಬಹುದು. ಷರತ್ತು ಇದ್ದರೆ ಎರಡನೇ ಅಲಾರಂ ನಿಂತಾಗ `hejje` 0 ಇರುವುದಿಲ್ಲ, ರೂಲ್ 1 ತೆಪ್ಪಗಿರುತ್ತದೆ. ಬಟನ್ ಎರಡು ಸಲ ಒತ್ತಿದರೂ ಅಷ್ಟೇ. ಎರಡನೇ ಒತ್ತಿಗೆ ಸಮಯ ಮತ್ತೆ ಬರೆಯಲಾಗುವುದಿಲ್ಲ, ಅರ್ಧ ಗಂಟೆಯ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ಇದೇ ಕಾರಣಕ್ಕೆ `hejje`ಯನ್ನು ಮತ್ತೆ 0 ಮಾಡುವ ಕೆಲಸ ಚೈನ್ ಮುಗಿದ ಕೂಡಲೇ ಆಗಬಾರದು. ಕೊನೆಯಲ್ಲಿ ಸೊನ್ನೆ ಮಾಡಿದರೆ, ಆಮೇಲೆ ಬರುವ ಯಾವುದೋ ಅಲಾರಂ ಚೈನನ್ನು ಮತ್ತೆ ಎಬ್ಬಿಸುತ್ತದೆ. ರಾತ್ರಿ 3 ಗಂಟೆಗೆ ಸೊನ್ನೆ ಮಾಡುವ ಪುಟ್ಟ ರೂಲ್ ಬೇರೆಯೇ ಇರಲಿ. ಆಗ ಒಂದು ದಿನಕ್ಕೆ ಒಂದೇ ಸಲ ಚೈನ್ ಓಡುತ್ತದೆ.

ಇನ್ನು ಮೊದಲ ಟ್ರಿಗರ್. 'ಅಲಾರಂ ನಿಂತಿತು' ಅನ್ನುವುದನ್ನು ಎಲ್ಲ ಗಡಿಯಾರದ ಆ್ಯಪ್‌ಗಳೂ ಹೊರಗೆ ಹೇಳುವುದಿಲ್ಲ. ಐಫೋನಿನಲ್ಲಿ ಅಲಾರಂ ನಿಲ್ಲಿಸಿದ್ದಕ್ಕೆ ಒಂದು, ಸ್ನೂಜ್ ಮಾಡಿದ್ದಕ್ಕೆ ಇನ್ನೊಂದು ಟ್ರಿಗರ್ ಇದೆ, ಅದು ಬಹಳ ಅನುಕೂಲ. ಆ್ಯಂಡ್ರಾಯ್ಡ್‌ನಲ್ಲಿ ಇದು ನೀವು ಬಳಸುವ ಗಡಿಯಾರದ ಆ್ಯಪ್ ಮೇಲೆ ಹೋಗುತ್ತದೆ. ಸಿಗದಿದ್ದರೆ ಫೋನ್ ಅನ್‌ಲಾಕ್ ಆಗುವುದನ್ನೇ ಟ್ರಿಗರ್ ಮಾಡಿ, 5ರಿಂದ 9 ಗಂಟೆಯ ಒಳಗೆ ಮಾತ್ರ ಅಂತ ಷರತ್ತು ಹಾಕಿ. ಬೆಳಿಗ್ಗೆ ಎಷ್ಟು ಸಲ ಅನ್‌ಲಾಕ್ ಮಾಡಿದರೂ `hejje = 0` ಇರುವುದು ಮೊದಲ ಸಲ ಮಾತ್ರ. ಹಾಗಾಗಿ 'ದಿನದ ಮೊದಲ ಅನ್‌ಲಾಕ್' ಅನ್ನುವ ಟ್ರಿಗರ್ ತಾನಾಗಿಯೇ ಸಿಕ್ಕಿತು.

ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ರೂಲ್ 2ರ ಟ್ರಿಗರ್ ಬಗ್ಗೆ. ಕೆಲಸ ಮುಗಿಯಿತು ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ನೋಟಿಫಿಕೇಶನ್ ತೆಗೆದುಹಾಕಿದ್ದನ್ನೇ 'ಆಯ್ತು' ಅಂತ ಲೆಕ್ಕ ಹಿಡಿಯುವುದು ಸುಲಭ, ಆದರೆ ನನ್ನ ಪ್ರಕಾರ ಅದನ್ನು ಮಾಡಲೇಬಾರದು. ನಾವು ನೋಟಿಫಿಕೇಶನ್‌ಗಳನ್ನು ಓದದೆಯೇ ಸರಿಸಿಬಿಡುತ್ತೇವೆ. ಬಟನ್ ವಾಸಿ. ಅದನ್ನು ಒತ್ತಲು ಒಂದು ಕ್ಷಣವಾದರೂ ನೋಡಬೇಕು. ಅದಕ್ಕಿಂತ ಒಳ್ಳೆಯದು ಎನ್‌ಎಫ್‌ಸಿ ಟ್ಯಾಗ್. ಇದು ಸ್ಟಿಕ್ಕರ್‌ನಂತೆ ಅಂಟುವ ಚಿಪ್, ಬ್ಯಾಟರಿ ಬೇಡ. ಮಾತ್ರೆಯ ಡಬ್ಬಿಗೆ ಅಂಟಿಸಿ, ಮಾತ್ರೆ ತಗೊಂಡ ಮೇಲೆ ಫೋನನ್ನು ಅದಕ್ಕೆ ತಾಗಿಸಿದರೆ ರೂಲ್ 2 ಓಡುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡೇ 'ತಗೊಂಡೆ' ಅಂತ ಒತ್ತಲು ಆಗುವುದಿಲ್ಲ, ಡಬ್ಬಿಯ ಹತ್ತಿರ ಹೋಗಲೇಬೇಕು. ಆ್ಯಂಡ್ರಾಯ್ಡ್‌ನಲ್ಲಿ ಟ್ಯಾಗ್ ಓದಲು ಸಾಮಾನ್ಯವಾಗಿ ಫೋನ್ ಅನ್‌ಲಾಕ್ ಆಗಿರಬೇಕು ಅನ್ನುವುದು ನೆನಪಿರಲಿ. ಟ್ಯಾಗ್ ಇದ್ದರೂ ಫೋನಿಗೆ ಗೊತ್ತಾಗುವುದು ತಾಗಿಸಿದ್ದು ಮಾತ್ರ, ನುಂಗಿದ್ದಲ್ಲ. ತಗೊಂಡೆನೋ ಇಲ್ಲವೋ ಅಂತ ಅನುಮಾನ ಬಂದಾಗ `hottu`ವಿನಲ್ಲಿ ಬರೆದ ಸಮಯ ಒಂದು ಸುಳಿವು ಕೊಡುತ್ತದೆ, ಪುರಾವೆ ಆಗುವುದಿಲ್ಲ. ಉಳಿದ ಮಾತ್ರೆ ಎಣಿಸುವುದೇ ಸರಿ.

ಯಾರೂ ಬಟನ್ ಒತ್ತದಿದ್ದರೆ? ಚೈನ್ ಅಲ್ಲೇ ನಿಲ್ಲುತ್ತದೆ, ಸದ್ದಿಲ್ಲದೆ. ಗಡಿಯಾರದ ರಿಮೈಂಡರ್‌ಗಿಂತ ಚೈನ್ ಕೆಟ್ಟದಾಗುವ ಜಾಗ ಇದೊಂದೇ. ಒಂದು ಕೊಂಡಿ ತಪ್ಪಿದರೆ ಮುಂದಿನ ಎಲ್ಲವೂ ತಪ್ಪುತ್ತವೆ. ನೋಟಿಫಿಕೇಶನ್ ತೆಗೆಯಲು ಬಾರದ ಹಾಗೆ ಇಟ್ಟರಾಯಿತು ಅನ್ನುತ್ತಿದ್ದರು, ಆದರೆ ಆ್ಯಂಡ್ರಾಯ್ಡ್ 14ರಿಂದ ಅಂಥವನ್ನೂ ಸರಿಸಿ ತೆಗೆಯಬಹುದು. ಹಾಗಾಗಿ ನಾಲ್ಕನೇ ರೂಲ್ ಒಂದು ಸೇರಿಸಿ: `hejje` 1ರಲ್ಲೇ 15 ನಿಮಿಷ ನಿಂತಿದ್ದರೆ ಸದ್ದಿನ ಜೊತೆ ಮತ್ತೆ ನೆನಪಿಸು. 9 ಗಂಟೆ ದಾಟಿದ ಮೇಲೆ ಅದೂ ಸುಮ್ಮನಾಗಲಿ.

ರೂಲ್ 3ರಲ್ಲಿ ಅರ್ಧ ಗಂಟೆ ಕಾಯುವುದಿದೆ. ರೂಲ್ 2ರ ಕೊನೆಯಲ್ಲೇ '30 ನಿಮಿಷ ತಡೆ' ಅಂತ ಒಂದು ಆ್ಯಕ್ಷನ್ ಹಾಕಿ ಮುಗಿಸಬಹುದಲ್ಲ ಅಂತ ಅನಿಸುತ್ತದೆ. ಹಾಕಬಹುದು. ಆದರೆ ಆ ಅರ್ಧ ಗಂಟೆಯೊಳಗೆ ಫೋನ್ ರೀಸ್ಟಾರ್ಟ್ ಆದರೆ, ಇಲ್ಲವೇ ಸಿಸ್ಟಮ್ ಆ್ಯಪನ್ನು ಮುಚ್ಚಿಬಿಟ್ಟರೆ, ಕಾಯುತ್ತಿದ್ದ ಕೆಲಸವೂ ಅದರ ಜೊತೆ ಹೋಗುತ್ತದೆ. ಅದರ ಬದಲು ಸಮಯವನ್ನು `hottu`ವಿನಲ್ಲಿ ಬರೆದಿಟ್ಟು, 5 ನಿಮಿಷಕ್ಕೊಮ್ಮೆ ಲೆಕ್ಕ ನೋಡುವ ರೂಲ್ ಮಾಡಿದರೆ ರೀಸ್ಟಾರ್ಟ್ ಆದರೂ ತೊಂದರೆ ಇಲ್ಲ. ಬರೆದಿಟ್ಟದ್ದು ಉಳಿದಿರುತ್ತದೆ. ಹೆಚ್ಚೆಂದರೆ 5 ನಿಮಿಷ ತಡವಾಗಬಹುದು. ಇಲ್ಲಿ ತಡವಾದರೆ ನಷ್ಟವಿಲ್ಲ, ಬೇಗ ಆಗಬಾರದು ಅಷ್ಟೇ.

ಐಫೋನಿನವರಿಗೆ ಈ ರೂಲ್ 3 ಹೀಗೇ ಆಗುವುದಿಲ್ಲ, 5 ನಿಮಿಷಕ್ಕೊಮ್ಮೆ ಓಡುವ ಟ್ರಿಗರ್ ಅಲ್ಲಿ ಇಲ್ಲ. ಟ್ಯಾಗ್ ತಾಗಿಸಿದ ಕೂಡಲೇ '30 ನಿಮಿಷದ ನಂತರ ನೆನಪಿಸು' ಅಂತ ರಿಮೈಂಡರ್ಸ್ ಆ್ಯಪ್‌ಗೆ ಒಂದು ಹೊಸ ರಿಮೈಂಡರ್ ಸೇರಿಸುವ ಆ್ಯಕ್ಷನ್ ಹಾಕಿ. ಕಾಯುವ ಕೆಲಸ ಆ ಆ್ಯಪ್‌ನದಾಗುತ್ತದೆ.

ಬೆಳಗಿನ ಎಲ್ಲ ಕೆಲಸವನ್ನೂ ಚೈನಿಗೆ ಕಟ್ಟಲು ಹೋಗಬೇಡಿ. ಹಿಂದಿನ ಕೆಲಸದ ಮೇಲೆ ನಿಂತಿರುವುದನ್ನು ಮಾತ್ರ ಕಟ್ಟಿ. 8:40ಕ್ಕೆ ಬಸ್ಸು ಹೊರಡುವುದಾದರೆ ಅದರ ರಿಮೈಂಡರ್ 8:25ಕ್ಕೇ ಬರಬೇಕು, ನೀವು ಮಾತ್ರೆ ತಗೊಂಡಿರಿ ಬಿಡಿ. ಬಸ್ಸಿನ ರಿಮೈಂಡರನ್ನು ತಿಂಡಿಯ ಬಟನ್ನಿಗೆ ಕಟ್ಟಿದರೆ, ತಿಂಡಿ ತಿನ್ನದ ದಿನ ಬಸ್ಸೂ ತಪ್ಪುತ್ತದೆ.

ಕಟ್ಟಿದ ಚೈನನ್ನು ಪರೀಕ್ಷೆ ಮಾಡುವಾಗ 30 ನಿಮಿಷವನ್ನು ಒಂದೆರಡು ನಿಮಿಷಕ್ಕೆ ಇಳಿಸಿ ನೋಡುವುದು ವಾಡಿಕೆ. ರೂಲ್‌ಗಳ ಜೋಡಣೆ ಸರಿ ಇದೆಯಾ ಅಂತ ತಿಳಿಯಲು ಅಷ್ಟು ಸಾಕು, ಆದರೆ ಆ್ಯಂಡ್ರಾಯ್ಡ್‌ನಲ್ಲಿ ನಿಜವಾದ ತೊಂದರೆ ಹಾಗೆ ಹೊರಗೆ ಬರುವುದಿಲ್ಲ. 2015ರ ಆ್ಯಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ವ್ಯವಸ್ಥೆ ಇದೆ. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆರಿ, ಫೋನ್ ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿದ್ದರೆ, ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನು ಸಿಸ್ಟಮ್ ಮುಂದೂಡುತ್ತದೆ. ಚಾರ್ಜಿಂಗ್‌ನಲ್ಲಿ ಇಟ್ಟಾಗ ಸರಿಯಾಗಿ ಓಡಿದ ಚೈನ್ ಚಾರ್ಜರ್ ತೆಗೆದಾಗ ತಡವಾಗುವುದು ಇದರಿಂದಲೇ. ಪತ್ತೆ ಮಾಡುವುದು ಕಷ್ಟವಿಲ್ಲ. 'ತಿಂಡಿ ತಿನ್ನಬಹುದು' ಅನ್ನುವುದು 30 ನಿಮಿಷಕ್ಕೆ ಬಾರದೆ, ನೀವು ಫೋನ್ ಕೈಗೆತ್ತಿಕೊಂಡ ಕೂಡಲೇ ಬಂದರೆ ಅದು ಡೋಜ್ ಕೆಲಸ ಅಂತಲೇ ಮೊದಲು ಅನುಮಾನಿಸಿ. ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗಕ್ಕೆ ಹೋಗಿ ಆ ಆ್ಯಪ್ ಒಂದಕ್ಕೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ. ಆಮೇಲೆ ಚಾರ್ಜರ್ ತೆಗೆದು, ಸ್ಕ್ರೀನ್ ಆರಿಸಿ, ಫೋನನ್ನು ಮೇಜಿನ ಮೇಲೆ ಪೂರ್ತಿ ಅರ್ಧ ಗಂಟೆ ಮುಟ್ಟದೆ ಬಿಡಿ. ಆ್ಯಪಿನ ಲಾಗ್ ತೆರೆದು ರೂಲ್ 2 ಮತ್ತು ರೂಲ್ 3 ಓಡಿದ ಸಮಯಗಳನ್ನು ಹೋಲಿಸಿ. ಅಂತರ 30ರಿಂದ 35 ನಿಮಿಷದೊಳಗೆ ಇದ್ದರೆ ಚೈನ್ ಬಳಸಲು ತಯಾರು.