ಗಾಳಿ ತುಂಬಿದ ಮೇಲೂ ಟೈರ್ ದೀಪ ಆರದಿದ್ದರೆ ಏನು ನೋಡಬೇಕು?

ಮೋಟಾರ್ ಮೆಕ್ಯಾನಿಕ್ ಟ್ರೇಡಿನಲ್ಲಿ ನನ್ನ ಜೊತೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ವಿಷಯ ಒಂದೇ. ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಪ್ರೆಷರಿನ ಹಳದಿ ದೀಪ ಹತ್ತಿದೆ, ಗಾಳಿ ತುಂಬಿಸಿದ್ದಾರೆ, ಆದರೂ ದೀಪ ಆರುತ್ತಿಲ್ಲ. ಇಂಥ ಕಾರು ಬಂದಾಗ ನಮ್ಮವರು ಮೊದಲು ಹುಡುಕುವುದು ರೀಸೆಟ್ ಬಟನ್. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ದೀಪ ಹೇಗೆ ಹತ್ತುತ್ತದೆ, ಯಾವ ಹೊತ್ತಿಗೆ ಹತ್ತುತ್ತದೆ ಅಂತ ನೋಡಿ.

ಇಗ್ನಿಷನ್ ಆನ್ ಮಾಡಿ ಒಂದೂವರೆ ನಿಮಿಷ ಸುಮ್ನೆ ಕೂತು ನೋಡಿ. ದೀಪ ಮೊದಲಿಂದಲೂ ಒಂದೇ ಸಮ ಉರಿಯುತ್ತಿದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದರ್ಥ. ಒಂದು ನಿಮಿಷ, ಒಂದೂವರೆ ನಿಮಿಷ ಮಿನುಗಿ ಆಮೇಲೆ ನಿಂತು ಉರಿದರೆ ಅದು ಬೇರೆ ಮಾತು. ಗಾಳಿ ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ, ಯಾವುದೋ ಸೆನ್ಸರ್ ಮಾತಾಡುತ್ತಿಲ್ಲ. ಅಮೆರಿಕದ ಎಫ್‌ಎಂವಿಎಸ್‌ಎಸ್ 138 ನಿಯಮದಲ್ಲಿ ಈ 60ರಿಂದ 90 ಸೆಕೆಂಡಿನ ಮಿನುಗು ಇದೆ, ನಮ್ಮಲ್ಲಿ ಓಡುವ ಎಷ್ಟೋ ಕಾರುಗಳೂ ಇದೇ ರೀತಿ ತೋರಿಸುತ್ತವೆ. ಗಿರಾಕಿಗೆ ಇದು ಗೊತ್ತಿರುವುದಿಲ್ಲ. ಕೀ ತಿರುಗಿಸಿ ಗೇರ್ ಹಾಕಿ ಹೊರಟೇಬಿಡುತ್ತಾರೆ, ಕಣ್ಣಿಗೆ ಬೀಳುವ ಹೊತ್ತಿಗೆ ಮಿನುಗುವುದು ಮುಗಿದು ದೀಪ ನಿಂತು ಉರಿಯುತ್ತಿರುತ್ತದೆ.

ಒಂದೇ ಕಾರಿನಲ್ಲಿ ಒಂದಾದ ಮೇಲೊಂದು ಎರಡೂ ತೊಂದರೆ ಬಂದ ಕೇಸ್ ನೋಡೋಣ. ಕಾರಟಗಿಯ ಕಡೆಯ ಕಾರು, ಎಂಟು ವರ್ಷ ಹಳೆಯದು. ಪ್ರತಿ ಚಕ್ರದೊಳಗೂ ಸೆನ್ಸರ್ ಇರುವ ನಮೂನೆ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್ ನಾಲ್ಕೂ ಟೈರಿಗೆ 33 ಪಿಎಸ್‌ಐ ಹೇಳುತ್ತದೆ. ಡಿಸೆಂಬರ್ ತಿಂಗಳು, ಭತ್ತದ ಕೊಯ್ಲು ಮುಗಿಯುವ ಹೊತ್ತು. ಮಾಲೀಕರು ಹೇಳಿದ್ದು ಇಷ್ಟು: "ನಿನ್ನೆ ಮಧ್ಯಾಹ್ನ ಬಂಕಿನ್ಯಾಗ ಗಾಳಿ ಹಾಕಿಸೀನ್ರಿ, ದೀಪ ಹೋತು. ಮುಂಜಾನೆ ನೋಡಿದ್ರ ಮತ್ತ ಹತ್ತೇತಿ."

ಮೇಸ್ತ್ರಿ ಕೇಳಿದ್ದು ಎರಡೇ ಪ್ರಶ್ನೆ. ಬಂಕಿಗೆ ಎಷ್ಟು ದೂರ ಓಡಿಸಿಕೊಂಡು ಹೋದಿರಿ? ಎಷ್ಟಕ್ಕೆ ಹಾಕಿಸಿದಿರಿ? ಸಿಂಧನೂರಿಗೆ ಹೋಗಿ ವಾಪಸ್ ಬರುವಾಗ, ಬಿಸಿಲಲ್ಲಿ, ಬಂಕಿನ ಹುಡುಗ ಕೇಳದೇ 30ಕ್ಕೆ ಹಾಕಿದ್ದ. ಉತ್ತರ ಇದರಲ್ಲೇ ಇದೆ.

ಟೈರಿನೊಳಗಿನ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಎಷ್ಟು ಅನ್ನುವುದನ್ನು ಲೆಕ್ಕ ಹಾಕಬಹುದು. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಜಾಸ್ತಿ ಎನ್ನುವುದನ್ನು ಮಾತ್ರ. ಹಾಗಾಗಿ ಮೊದಲು ಹೊರಗಿನ ಒತ್ತಡ ಕೂಡಿಸಬೇಕು. ನಮ್ಮ ಭಾಗ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದನ್ನು 14 ಪಿಎಸ್‌ಐ ಅಂತ ಇಟ್ಟುಕೊಳ್ಳಿ. ಉಷ್ಣತೆಗೆ 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಬೇಕು. ಓಡಿಬಂದ ಟೈರಿನೊಳಗಿನ ಗಾಳಿ 50 ಡಿಗ್ರಿ, ಬೆಳಗಿನ ಜಾವ 16 ಡಿಗ್ರಿ ಎಂದುಕೊಂಡರೆ:

```
ಬಂಕಿನಲ್ಲಿ : 30 + 14 = 44   (50 + 273 = 323)
ಬೆಳಿಗ್ಗೆ   : 44 × 289 ÷ 323 = 39.4
ಗೇಜಿನಲ್ಲಿ : 39.4 − 14 = 25.4
```

ಒಂದು ಹನಿ ಗಾಳಿಯೂ ಸೋರಿಲ್ಲ, ಆದರೂ 30 ಇದ್ದದ್ದು ಬೆಳಿಗ್ಗೆ 25.4 ಆಯಿತು. ಅದೇ ಅಮೆರಿಕದ ನಿಯಮದ ಪ್ರಕಾರ ಶಿಫಾರಸು ಒತ್ತಡಕ್ಕಿಂತ ಶೇಕಡಾ 25ರಷ್ಟು ಇಳಿಯುವಷ್ಟರಲ್ಲಿ ದೀಪ ಹತ್ತಬೇಕು. 33ಕ್ಕೆ ಆ ಗೆರೆ 24.75. ಅಂದರೆ ಈ ಕಾರು ಗೆರೆಯ ಅಂಚಿನಲ್ಲೇ ನಿಂತಿತ್ತು. ಬಂಕಿನ ಗೇಜ್ 1 ಪಿಎಸ್‌ಐ ಹೆಚ್ಚು ತೋರಿಸುವಂಥದ್ದಾಗಿದ್ದರೆ ನಿಜವಾಗಿ ಹಾಕಿದ್ದು 29. ಅದೇ ಲೆಕ್ಕದಲ್ಲಿ ಬೆಳಿಗ್ಗೆ ಅದು 24.5, ಗೆರೆಯ ಕೆಳಗೆ. ನಮ್ಮ ಗೇಜಿನಲ್ಲಿ ಎಡ ಹಿಂದಿನ ಟೈರ್ 24 ತೋರಿಸಿತು, ಉಳಿದವು 25ರ ಆಸುಪಾಸು. ಪಂಕ್ಚರ್ ಇರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ. ದೀಪ ಹತ್ತುವ ಗೆರೆ, ಆರುವ ಗೆರೆ ಒಂದೇ ಇರುವುದಿಲ್ಲ. 24.75ಕ್ಕೆ ಹತ್ತಿದ ದೀಪ 25 ಆದ ತಕ್ಷಣ ಆರಿದರೆ, ಒತ್ತಡ ಸ್ವಲ್ಪ ಅತ್ತಿತ್ತ ಆದಾಗೆಲ್ಲ ಹತ್ತಿ ಆರಿ ತಲೆ ತಿನ್ನುತ್ತದೆ, ಅಲ್ವಾ? ಅದಕ್ಕೇ ಶಿಫಾರಸು ಒತ್ತಡದ ಹತ್ತಿರ ಬರುವವರೆಗೂ ಬಹಳ ಕಾರುಗಳು ದೀಪ ಆರಿಸುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ 28ಕ್ಕೆ ತುಂಬಿ "ಸಾಕು" ಅಂದರೆ ದೀಪ ಅಲ್ಲೇ ಉಳಿಯಬಹುದು. ತಣ್ಣಗಿರುವಾಗಲೇ 33 ತುಂಬಬೇಕು. ತಣ್ಣಗೆ ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಬಿಸಿಲಿಗೆ ಒಂದೇ ಪಕ್ಕ ಕಾಯ್ದಿರಬಾರದು. ದಾರಿಯಲ್ಲಿ ಬಿಸಿ ಟೈರಿಗೇ ತುಂಬಬೇಕಾಗಿ ಬಂದರೆ ಶಿಫಾರಸಿಗಿಂತ 3-4 ಪಿಎಸ್‌ಐ ಜಾಸ್ತಿ ಇಟ್ಟು, ಮರುದಿನ ಬೆಳಿಗ್ಗೆ ಅಳೆದು ಸರಿಮಾಡಿ.

ತುಂಬಿದ ಕೂಡಲೇ ದೀಪ ಆರಲಿಲ್ಲ ಎಂದು ಗಾಬರಿ ಬೇಡ. ಚಕ್ರದೊಳಗಿನ ಸೆನ್ಸರ್ ನಿಂತ ಕಾರಿನಲ್ಲಿ ಸೆಲ್ ಉಳಿಸಲು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಚಕ್ರ ಉರುಳಿದ ಮೇಲೆ ಮತ್ತೆ ಮಾಹಿತಿ ಕಳಿಸಲು ಶುರುಮಾಡುತ್ತದೆ. ಗಂಟೆಗೆ 30-40 ಕಿಲೋಮೀಟರ್ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ ಬಂದು ಆಮೇಲೆ ಮಾತಾಡಿ.

ಇದೇ ಲೆಕ್ಕ ಬೇಸಿಗೆಯಲ್ಲಿ ತಿರುಗಿ ಬೀಳುತ್ತದೆ. ರಾಯಚೂರಿನ ಮೇ ತಿಂಗಳು ನೆನಪಿಸಿಕೊಳ್ಳಿ. ಬೆಳಿಗ್ಗೆ 28 ಡಿಗ್ರಿಯಲ್ಲಿ ಸರಿಯಾಗಿ 33 ಇದ್ದ ಟೈರ್ ಮಧ್ಯಾಹ್ನ ಹೈವೇಯಲ್ಲಿ ಓಡಿ ಒಳಗಿನ ಗಾಳಿ 65 ಡಿಗ್ರಿ ಮುಟ್ಟಿದರೆ ಗೇಜ್ ಸುಮಾರು 39 ತೋರಿಸುತ್ತದೆ. ಅದು ಸಹಜ. "ಜಾಸ್ತಿ ಆಗೇತಿ, ಬಿಸಿಗೆ ಸಿಡಿತದ" ಎಂದು 33ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಅದು 28ಕ್ಕೆ ಇಳಿದಿರುತ್ತದೆ. ಕಡಿಮೆ ಗಾಳಿಯ ಟೈರಿನ ಪಕ್ಕದ ಗೋಡೆ ಜಾಸ್ತಿ ಮಡಚಿ ಇನ್ನೂ ಬಿಸಿಯಾಗುತ್ತದೆ. ಸಿಡಿಯುವ ಭಯಕ್ಕೆ ಗಾಳಿ ಬಿಟ್ಟವರೇ ಸಿಡಿಯುವ ದಾರಿ ಮಾಡಿಕೊಡುತ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ, ಅಷ್ಟೇ.

ಈಗ ರೀಸೆಟ್ ಬಟನ್. ಅದು ಮುಖ್ಯವಾಗಿ ಇನ್ನೊಂದು ನಮೂನೆಯ ಕಾರುಗಳಿಗೆ ಸೇರಿದ್ದು. ಅವುಗಳಲ್ಲಿ ಚಕ್ರದೊಳಗೆ ಪ್ರೆಷರ್ ಸೆನ್ಸರೇ ಇಲ್ಲ. ಎಬಿಎಸ್ ಬ್ರೇಕಿನ ಚಕ್ರವೇಗದ ಸೆನ್ಸರನ್ನೇ ಬಳಸುತ್ತಾರೆ. ಗಾಳಿ ಇಳಿದ ಟೈರಿನ ಉರುಳುವ ಸುತ್ತಳತೆ ತುಸು ಕಡಿಮೆಯಾಗುತ್ತದೆ, ಹಾಗಾಗಿ ಉಳಿದವುಗಳಿಗಿಂತ ತುಸು ಜೋರಾಗಿ ತಿರುಗುತ್ತದೆ. ಈ ವ್ಯತ್ಯಾಸವನ್ನು ಹಿಡಿದು ದೀಪ ಹತ್ತಿಸುತ್ತಾರೆ. ಇಂಥ ಕಾರಿಗೆ ಪಿಎಸ್‌ಐ ಗೊತ್ತೇ ಇಲ್ಲ, "ಮೊದಲಿದ್ದ ಹಾಗೆ ಇಲ್ಲ" ಎನ್ನುವುದಷ್ಟೇ ಗೊತ್ತು. ಅದಕ್ಕೇ ಗಾಳಿ ತುಂಬಿದ ಮೇಲೆ ರೀಸೆಟ್ ಒತ್ತಿ, ಇದೇ ಸರಿ ಅಂತ ಕಲಿಸಬೇಕು. ಬಟನ್ ಇಲ್ಲದಿದ್ದರೆ ಸ್ಕ್ರೀನಿನ ಮೆನುವಿನಲ್ಲಿ ಇರುತ್ತದೆ. ಒತ್ತಿದ ಮೇಲೆ ಕೆಲವು ಕಿಲೋಮೀಟರ್ ಓಡಿದರೆ ಕಲಿಯುತ್ತದೆ. ಅಪಾಯ ಏನೆಂದರೆ, ಒಂದು ಟೈರ್ 25ರಲ್ಲಿ ಇರುವಾಗ ರೀಸೆಟ್ ಒತ್ತಿದರೆ ಆ 25ನ್ನೇ ಸರಿ ಎಂದು ಕಲಿಯುತ್ತದೆ. ದೀಪ ಆರಿತು, ಗಿರಾಕಿ ಖುಷಿ, ಟೈರ್ ಮಾತ್ರ ಹಾಗೇ ಇದೆ. ನಾಲ್ಕೂ ಟೈರ್ ತಿಂಗಳುಗಟ್ಟಲೆ ಒಟ್ಟಿಗೆ ಇಳಿದರೂ ಈ ನಮೂನೆಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಯಾವ ನಮೂನೆ ಎಂದು ತಿಳಿಯಲು ಸುಲಭ ಗುರುತು: ಸ್ಕ್ರೀನಿನಲ್ಲಿ ಒಂದೊಂದು ಟೈರಿಗೂ ಬೇರೆ ಬೇರೆ ಪಿಎಸ್‌ಐ ತೋರಿಸಿದರೆ ಒಳಗೆ ಸೆನ್ಸರ್ ಇದೆ.

ಕಾರಟಗಿಯ ಕಾರಿಗೆ ಬರೋಣ. ತಣ್ಣಗಿದ್ದಾಗಲೇ ನಾಲ್ಕಕ್ಕೂ 33 ತುಂಬಿದೆವು, ಓಡಿಸಿದೆವು, ದೀಪ ಆರಿತು. ಕೆಲವು ದಿನಕ್ಕೆ ಮತ್ತೆ ಬಂತು. ಈ ಸಲ ಗೇಜಿನಲ್ಲಿ ನಾಲ್ಕೂ ಸರಿ. ಇಗ್ನಿಷನ್ ಹಾಕಿ ನೋಡಿದರೆ ದೀಪ ಮೊದಲು ಮಿನುಗಿತು, ಆಮೇಲೆ ನಿಂತಿತು. ಸ್ಕ್ರೀನಿನಲ್ಲಿ ಬಲ ಮುಂದಿನ ಟೈರಿಗೆ ಅಂಕಿಯ ಬದಲು ಎರಡು ಅಡ್ಡಗೆರೆ. ಮಾಲೀಕರು ಹೇಳಿದ್ದು ಇನ್ನೊಂದು ಗುರುತು: ಮಧ್ಯಾಹ್ನ ಕೆಲವೊಮ್ಮೆ ಅಂಕಿ ತಾನಾಗೇ ಬರುತ್ತದೆ, ಬೆಳಿಗ್ಗೆ ಇರುವುದಿಲ್ಲ.

ಇದು ಸೆನ್ಸರಿನ ಸೆಲ್ ಸೋತ ಲಕ್ಷಣ. ಒಳಗಿರುವುದು ಚಿಕ್ಕ ಲಿಥಿಯಂ ಸೆಲ್, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಸೆಲ್ ತಣ್ಣಗಾದರೆ ಅದರ ಒಳ ತಡೆ ಹೆಚ್ಚುತ್ತದೆ. ರೇಡಿಯೋ ಸಂದೇಶ ಕಳಿಸುವ ಆ ಕ್ಷಣಕ್ಕೆ ಬೇಕಾದ ಕರೆಂಟ್ ಕೊಡಲು ಹೋದಾಗ ವೋಲ್ಟೇಜ್ ಕುಸಿಯುತ್ತದೆ. ಬಿಸಿಲೇರಿದ ಮೇಲೆ, ಟೈರ್ ಕಾಯ್ದ ಮೇಲೆ, ಮತ್ತೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆದರೆ ನಮ್ಮ 16 ಡಿಗ್ರಿ ಚಳಿಗೆ ಒಳ್ಳೆಯ ಸೆಲ್ ಬಗ್ಗುವುದಿಲ್ಲ. ಇಷ್ಟು ಚಳಿಗೇ ಮಾತು ನಿಲ್ಲಿಸಿದರೆ ಅದು ಆಗಲೇ ಕೊನೆಯ ಹಂತದಲ್ಲಿದೆ. ಬೇಸಿಗೆಯ ಬಿಸಿ ಸೆಲ್ಲನ್ನು ಒಳಗೊಳಗೇ ಸವೆಸುತ್ತದೆ, ಚಳಿಗಾಲ ಅದನ್ನು ಬಯಲಿಗೆ ತರುತ್ತದೆ.

ಖಾತ್ರಿ ಮಾಡಿಕೊಳ್ಳಲು ಸೆನ್ಸರ್ ಎಬ್ಬಿಸುವ ಟೂಲ್ ಬೇಕು. ವಾಲ್ವಿನ ಪಕ್ಕದ ಟೈರ್ ಗೋಡೆಗೆ ಹಿಡಿದು ಬಟನ್ ಒತ್ತಿದರೆ ಅದು 125 ಕಿಲೋಹರ್ಟ್ಸ್‌ನಲ್ಲಿ ಸೆನ್ಸರನ್ನು ಎಬ್ಬಿಸುತ್ತದೆ. ಸೆನ್ಸರ್ ತನ್ನ ಗುರುತಿನ ನಂಬರ್, ಒತ್ತಡ, ಉಷ್ಣತೆ ಕಳಿಸುತ್ತದೆ, ಕೆಲವು ಸೆಲ್ಲಿನ ಸ್ಥಿತಿಯನ್ನೂ ಹೇಳುತ್ತವೆ. ಬೆಳಿಗ್ಗೆಯೇ ಮಾಡಿ, ಮಧ್ಯಾಹ್ನ ಮಾಡಿದರೆ ಸೋತ ಸೆಲ್ ಕೂಡ ಉತ್ತರ ಕೊಟ್ಟು ದಾರಿ ತಪ್ಪಿಸುತ್ತದೆ. ನಮ್ಮ ಕಾರಿನಲ್ಲಿ ಮೂರು ಸೆನ್ಸರ್ ತಕ್ಷಣ ಉತ್ತರಿಸಿದವು. ಮಾತಾಡದೇ ಇದ್ದದ್ದು ಬಲ ಮುಂದಿನದಲ್ಲ, ಬಲ ಹಿಂದಿನದು!

ಕಾರಣ ಸರಳ. ಮಧ್ಯೆ ಎಲ್ಲೋ ಟೈರುಗಳನ್ನು ಮುಂದೆ ಹಿಂದೆ ಬದಲಿಸಿದ್ದಾರೆ, ಆದರೆ ಯಾವ ನಂಬರಿನ ಸೆನ್ಸರ್ ಈಗ ಎಲ್ಲಿದೆ ಎಂದು ಕಾರಿಗೆ ಕಲಿಸಿಲ್ಲ. ತಾನೇ ಕಲಿಯುವ ಕಾರುಗಳೂ ಇವೆ, ಇದು ಅಂಥದ್ದಲ್ಲ. ಸ್ಕ್ರೀನ್ ಹಳೇ ಜಾಗವನ್ನೇ ತೋರಿಸುತ್ತಿತ್ತು. ಟೂಲ್ ಇಲ್ಲದಿದ್ದರೂ ಇದನ್ನು ಪತ್ತೆ ಮಾಡಬಹುದು. ಅಂಕಿ ಬರುತ್ತಿರುವ ಒಂದು ಟೈರಿನಿಂದ 4 ಪಿಎಸ್‌ಐ ಬಿಟ್ಟು ಸ್ವಲ್ಪ ಓಡಿಸಿ, ಸ್ಕ್ರೀನಿನಲ್ಲಿ ಯಾವ ಜಾಗದ ಅಂಕಿ ಇಳಿಯಿತು ನೋಡಿ. ಆಮೇಲೆ ಗಾಳಿ ಮತ್ತೆ ತುಂಬುವುದನ್ನು ಮರೆಯಬೇಡಿ. ಸ್ಕ್ರೀನ್ ನಂಬಿ ಬಲ ಮುಂದಿನ ಟೈರ್ ಬಿಚ್ಚಿದ್ದರೆ ಒಳ್ಳೆಯ ಸೆನ್ಸರ್ ಕಿತ್ತುಹಾಕುತ್ತಿದ್ದೆವು.

ಕಂಪನಿ ಸೆನ್ಸರಿನ ಸೆಲ್ ಬದಲಿಸಲು ಬರುವುದಿಲ್ಲ. ತೇವ, ಅದುರು ತಡೆಯಲಿ ಎಂದು ಅಂಟಿನಲ್ಲಿ ಮುಳುಗಿಸಿ ಮುಚ್ಚಿರುತ್ತಾರೆ. ಕೊರೆದು ಹೊಸ ಸೆಲ್ ಬೆಸುಗೆ ಹಾಕುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಸೆನ್ಸರ್ ಪೂರ್ತಿ ಬದಲಿಸಿ, ಹಳೆಯದು ರೇಡಿಯೋ ಸಂದೇಶ ಕಳಿಸುತ್ತಿದ್ದ ಫ್ರೀಕ್ವೆನ್ಸಿಯದ್ದನ್ನೇ ತನ್ನಿ, ಹೊಸ ನಂಬರ್ ಕಾರಿಗೆ ಕಲಿಸಿ. ಕಲಿಸದಿದ್ದರೆ ಹೊಸ ಸೆನ್ಸರ್ ಇದ್ದೂ ದೀಪ ಮಿನುಗುತ್ತದೆ. ವಾಲ್ವಿಗೆ ಹೊರಗಿಂದ ತಿರುಗಿಸಿ ಕೂರಿಸುವ ಕ್ಯಾಪ್ ಸೆನ್ಸರಿನ ಮಾತು ಬೇರೆ, ಅವುಗಳಲ್ಲಿ ಸಾಮಾನ್ಯವಾಗಿ ಸೆಲ್ ನಾವೇ ಬದಲಿಸಬಹುದು.

ಉಳಿದ ಮೂರೂ ಅಷ್ಟೇ ಹಳೆಯವು, ಅವೂ ಹಿಂದೆಯೇ ಬರುತ್ತವೆ. ಟೈರ್ ಸವೆದಿದ್ದರೆ ಹೊಸ ಟೈರ್ ಹಾಕುವಾಗಲೇ ನಾಲ್ಕನ್ನೂ ಬದಲಿಸಿದರೆ ಬಿಚ್ಚುವ ಕೂಲಿ ಉಳಿಯುತ್ತದೆ. ಈ ಕಾರಿನ ಟೈರ್ ಇನ್ನೂ ಚೆನ್ನಾಗಿದ್ದವು, ಹಾಗಾಗಿ ಒಂದನ್ನೇ ಹಾಕಿದೆವು. ಪಂಕ್ಚರ್ ಅಂಗಡಿಯಲ್ಲಿ ಬಿಚ್ಚಿಸುವಾಗ ವಾಲ್ವಿನ ಒಳಗಡೆ ಸೆನ್ಸರ್ ಇದೆ ಎಂದು ಮೊದಲೇ ಹೇಳಿ, ಆ ಜಾಗದಲ್ಲಿ ಲಿವರ್ ಹಾಕಿದರೆ ಮುರಿಯುತ್ತದೆ. ಪಂಕ್ಚರ್ ತಡೆಯುವ ದ್ರವ ಹಾಕಿದ್ದರೆ ಸೆನ್ಸರಿನ ಒತ್ತಡ ಅಳೆಯುವ ರಂಧ್ರ ಕಟ್ಟಿಕೊಂಡಿರಬಹುದು, ಒಳಗೆ ಒರೆಸಿ ನೋಡಿ.